ಮೊಣಕೈ ಮಡಚಿತು, ಏಣಿ ತೆಗೆಸಿದೆ

ಮಂಡ್ಯದ ಒಂದು ಓಣಿ. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಯೆಲ್ಲ ಮೆಟ್ಟಿಲ ದಾರಿಯಲ್ಲೇ ಮೇಲೇರಿತ್ತು. ಎರಡನೇ ಮಹಡಿಯ ಕಿಟಕಿಯಲ್ಲಿ ಅರವತ್ತು ದಾಟಿದ ಒಬ್ಬ ಅಮ್ಮ. ಆ ಕೋಣೆ ಹೊಸದಾಗಿ ಕಟ್ಟಿದ್ದು, ಗ್ರಿಲ್ ಇನ್ನೂ ಕೂರಿಸಿರಲಿಲ್ಲ. ನಮ್ಮ ಕಡೆ ಇಂಥ ಅದೃಷ್ಟ ಅಪರೂಪ.

ಪೂರ್ತಿ ಎಳೆದರೆ 35 ಅಡಿಯಾಗುವ ಅಲ್ಯೂಮಿನಿಯಂ ಏಣಿಯನ್ನು ಅಗ್ನಿಶಾಮಕ ದಳದ ನಾವು ನಾಲ್ವರು ಹೆಗಲ ಮೇಲೆ ಹೊತ್ತು ತಂದೆವು, ಬುಡ ಮುಂದೆ. ತುದಿ ಮುಂದಾಗಿ ಬಂದರೆ ಓಣಿಯಲ್ಲಿ ತಿರುಗಿಸಲು ಜಾಗವಿರುವುದಿಲ್ಲ. ಎತ್ತುವ ಮೊದಲು ಮೇಲೆ ನೋಡಿದೆ. ವಿದ್ಯುತ್ ತಂತಿ ಎದುರು ಸಾಲಿನಲ್ಲಿತ್ತು, ಸಾಕಷ್ಟು ದೂರ.

ಕಿಟಕಿಯ ಕೆಳ ಅಂಚು ಸುಮಾರು 24 ಅಡಿ ಎತ್ತರದಲ್ಲಿತ್ತು. ಎತ್ತರದ ಕಾಲು ಭಾಗದಷ್ಟು ದೂರಕ್ಕೆ, ಅಂದರೆ ಗೋಡೆಯಿಂದ 6 ಅಡಿಗೆ ಬುಡವಿಟ್ಟರೆ ಏಣಿ ಸುಮಾರು 75 ಡಿಗ್ರಿಯಲ್ಲಿ ನಿಲ್ಲುತ್ತದೆ. ಆದರೆ ಐದನೇ ಅಡಿಗೇ ಚರಂಡಿ. ಅವಸರದಲ್ಲಿ ನಾನು ಚರಂಡಿಯ ಈಚೆ, 4 ಅಡಿಗೇ ಇಡಿಸಿಬಿಟ್ಟೆ. ಬುಡಕ್ಕೆ ಕಾಲ್ಬೆರಳು ತಾಗಿಸಿ, ಭುಜದ ಮಟ್ಟಕ್ಕೆ ಕೈ ಚಾಚಿದೆ. ಸರಿಯಾದ ಕೋನದಲ್ಲಿ ಕೈ ನೇರವಿದ್ದಾಗ ಅಂಗೈಗೆ ಮೆಟ್ಟಿಲು ಸಿಗಬೇಕು. ನನ್ನ ಮೊಣಕೈ ಮಡಚಿತ್ತು, ಏಣಿ ಎದೆಗೇ ಬಂದಂತಿತ್ತು. ಅಷ್ಟು ನೆಟ್ಟಗಿರುವ ಏಣಿಯ ಮೇಲೆ ಇಬ್ಬರು ಹಿಂದಕ್ಕೆ ವಾಲಿದರೆ ತುದಿ ಗೋಡೆ ಬಿಟ್ಟು ಏಳುತ್ತದೆ.

ತೆಗೆಸಿದೆ. ಚರಂಡಿಯ ಕಲ್ಲುಚಪ್ಪಡಿ ನಂಬುವಂತಿರಲಿಲ್ಲ, ಹಿಮ್ಮಡಿಯಲ್ಲಿ ತಟ್ಟಿದರೆ ಅಲುಗುತ್ತಿತ್ತು. ಅದನ್ನೂ ದಾಟಿ ಟಾರಿನ ಮೇಲೆ, ಹತ್ತಿರ ಹತ್ತಿರ 7 ಅಡಿಗೆ ಬುಡ ಇಟ್ಟೆವು. ಈಗ ಬೆರಳ ತುದಿ ಮಾತ್ರ ತಾಗಿತು. ತುಸು ಓರೆಯೇ, ಆದರೆ ಓರೆಯಾದ ಏಣಿಯ ಭಯ ಬುಡ ಜಾರುವುದು. ಇಬ್ಬರನ್ನು ಬುಡ ಒತ್ತಿ ಹಿಡಿಯಲು ನಿಲ್ಲಿಸಿದರೆ ಅದನ್ನು ತಡೆಯಬಹುದು.

ತುದಿಯನ್ನು ಕಿಟಕಿಯ ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿದೆವು. ಒಳಗೆ ಚಾಚಿಕೊಂಡರೆ ಅರ್ಧ ಕಿಟಕಿ ಏಣಿಗೇ ಹೋಗುತ್ತದೆ, ಆ ವಯಸ್ಸಿನವರು ಅದನ್ನು ದಾಟಲಾರರು.

ಜೊತೆಗಾರ ಮೊದಲು ಹತ್ತಿ ಒಳಗಿಳಿದ. ಅವನ ಹಿಂದೆ ನಾನು ಹತ್ತಿ ಏಣಿಯ ಮೇಲೇ ನಿಂತೆ. ಅಮ್ಮನ ಸೀರೆಯ ನಿರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಲು ಹೇಳಿದೆ, ಅಂಚು ಕಾಲಿಗೆ ಸಿಕ್ಕರೆ ಮುಗಿಯಿತು. ಅವರು ಹೊಟ್ಟೆಯನ್ನು ಅಂಚಿಗೆ ಒತ್ತಿ, ಮುಖ ಮನೆಯ ಕಡೆಗೇ ಇಟ್ಟು, ಕಾಲು ಮೊದಲು ಹೊರಗಿಟ್ಟರು. ಪಾದವನ್ನು ನಾನೇ ಹಿಡಿದು ಮೆಟ್ಟಿಲಿಗೆ ಇಟ್ಟೆ. ಆಮೇಲೆ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಅವರ ಎರಡೂ ಪಕ್ಕದಿಂದ ತೋಳು ಚಾಚಿ ಏಣಿ ಹಿಡಿದೆ, ಮೊಣಕಾಲು ಅವರ ಕಾಲುಗಳ ನಡುವೆ. ಕೈ ಸೋತರೆ ಅದರ ಮೇಲೇ ಕೂರುತ್ತಾರೆ.

ಮಧ್ಯದಲ್ಲಿ ಒಮ್ಮೆ ಕೂತೇಬಿಟ್ಟರು. "ಸ್ವಲ್ಪ ಇರಪ್ಪ" ಎಂದರು. ಇದ್ದೆವು. ಕೆಳಗಿನಿಂದ ಯಾರೋ ಬೇಗ ಇಳಿಸಿ ಎಂದು ಕೂಗುತ್ತಿದ್ದರು.