ಸೂಜಿ ಚುಚ್ಚಿದ ಮೇಲೆ ನಮೂನೆಯಲ್ಲಿ ನಾನು ಬರೆದದ್ದು

ಪರೀಕ್ಷೆಗೆಂದು ರಕ್ತ ತೆಗೆಯುತ್ತಿದ್ದಾಗ ರೋಗಿ ತಟ್ಟನೆ ಕೈ ಎಳೆದುಕೊಂಡರು. ರಕ್ತನಾಳದಲ್ಲಿದ್ದ ಸೂಜಿ ಹೊರಬಂದು, ಕೈಗವಸನ್ನು ತೂರಿ, ನನ್ನ ಎಡಗೈ ತೋರುಬೆರಳಿನ ತುದಿಗೆ ಚುಚ್ಚಿತು. ಅವರ ತೋಳಿಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿದೆ, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಳ್ಳಲು ಹೇಳಿದೆ, ಸೂಜಿಯನ್ನು ಚೂಪು ವಸ್ತುಗಳ ಡಬ್ಬಿಗೆ ಹಾಕಿದೆ. ಇಷ್ಟಕ್ಕೆ ಕೆಲವೇ ಕ್ಷಣ ಸಾಕು. ಗಾಬರಿಯಲ್ಲಿ ಸೂಜಿಯನ್ನು ಹಾಸಿಗೆಯ ಮೇಲೆ ಬಿಟ್ಟು ಓಡಿದರೆ ಅದು ಇನ್ನೊಬ್ಬರಿಗೆ ಚುಚ್ಚುತ್ತದೆ.

ಆಮೇಲೆ ಕೈಗವಸು ತೆಗೆದು, ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಬೆರಳನ್ನು ತೊಳೆದೆ. ರಕ್ತ ತಾನಾಗಿ ಜಿನುಗುತ್ತಿತ್ತು, ಜಿನುಗಲು ಬಿಟ್ಟೆ. ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ, "ಸಿಸ್ಟರ್, ಬೆರಳನ್ನು ಜೋರಾಗಿ ಹಿಂಡಿ, ಸ್ಪಿರಿಟ್ ಹಾಕುತ್ತೇನೆ" ಎಂದರು. ಬೇಡವೆಂದೆ. ಹಿಂಡುವುದರಿಂದ ಸೋಂಕು ತಗ್ಗುತ್ತದೆ ಎನ್ನಲು ಆಧಾರವಿಲ್ಲ, ಸುತ್ತಲಿನ ಅಂಗಾಂಶಕ್ಕೆ ಮಾತ್ರ ಪೆಟ್ಟಾಗುತ್ತದೆ. ಬ್ಲೀಚಿನಂತಹ ಸುಡುವ ದ್ರಾವಣಗಳೂ ಹಾನಿಯನ್ನೇ ಮಾಡುತ್ತವೆ. ಬೆರಳನ್ನು ಬಾಯಿಗಿಟ್ಟು ಚೀಪುವುದಂತೂ ಕೂಡದು. ಎಷ್ಟೋ ಜನ ಅರಿವಿಲ್ಲದೆಯೇ ಹಾಗೆ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಕೈ ಒರೆಸಿಕೊಂಡ ಕೂಡಲೇ ಗಡಿಯಾರ ನೋಡಿ, ಗಾಯವಾದ ಸಮಯವನ್ನೂ ತೊಳೆದ ಸಮಯವನ್ನೂ ಚೀಟಿಯಲ್ಲಿ ಬರೆದೆ. ಪಾಳಿಯ ಉಸ್ತುವಾರಿ ಸಿಸ್ಟರ್‌ಗೆ ತಿಳಿಸಿ ಉಳಿದ ಕೆಲಸ ಒಪ್ಪಿಸಿದೆ. ಪಾಳಿ ಮುಗಿಯಲಿ, ಆಮೇಲೆ ನೋಡೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಆರಂಭಿಸಬೇಕು. 72 ಗಂಟೆ ದಾಟಿದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇಂತಹ ಗಾಯವಾದಾಗ ತುಂಬಿಕೊಡುವ ವರದಿ ನಮೂನೆಯಲ್ಲಿ "ಸಣ್ಣ ಗಾಯ, ಸೂಜಿ ಚುಚ್ಚಿದೆ" ಎಂದಷ್ಟೇ ಬರೆದು ಸಹಿ ಹಾಕಿದವರನ್ನು ನಾನು ನೋಡಿದ್ದೇನೆ. ಅದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ನಾನು ಬರೆದದ್ದು ಹೀಗಿತ್ತು: 21 ಗೇಜಿನ ಟೊಳ್ಳು ಸೂಜಿ, ಗಾಯಕ್ಕೆ ಮುಂಚೆ ರೋಗಿಯ ರಕ್ತನಾಳದೊಳಗಿತ್ತು, ಸೂಜಿಯ ಮೇಲೆ ರಕ್ತ ಕಾಣುತ್ತಿತ್ತು, ಚರ್ಮವನ್ನು ದಾಟಿ ಒಳಹೊಕ್ಕಿದೆ, ಬರಿಯ ಗೀರಲ್ಲ, ಒಂದು ಪದರ ಕೈಗವಸು ಹಾಕಿದ್ದೆ, ಎಡ ತೋರುಬೆರಳ ತುದಿ. ಇದರಲ್ಲಿ ಅಲಂಕಾರಕ್ಕೆಂದು ಬರೆದದ್ದು ಒಂದೂ ಇಲ್ಲ. ಹೊಲಿಗೆಯ ಸೂಜಿ ಗಟ್ಟಿ, ಅದರ ಹೊರಮೈಗೆ ಅಂಟಿದ ರಕ್ತವನ್ನು ಕೈಗವಸು ಸ್ವಲ್ಪ ಒರೆಸಿಬಿಡುತ್ತದೆ. ಟೊಳ್ಳು ಸೂಜಿಯ ಒಳಗಿನ ರಕ್ತಕ್ಕೆ ಆ ಒರೆಸುವಿಕೆ ತಾಕುವುದೇ ಇಲ್ಲ. ಗಾಯ ಆಳವಾಗಿದ್ದರೆ, ಕಣ್ಣಿಗೆ ರಕ್ತ ಕಂಡಿದ್ದರೆ, ಸೂಜಿ ರಕ್ತನಾಳದಿಂದಲೇ ಬಂದಿದ್ದರೆ ಎಚ್‌ಐವಿ ಅಂಟುವ ಸಾಧ್ಯತೆ ಹೆಚ್ಚು ಎಂಬುದು ಬಹಳ ಹಿಂದೆಯೇ ಸಿದ್ಧವಾಗಿದೆ. ನನ್ನ ಗಾಯದಲ್ಲಿ ರಕ್ತ ಕಂಡದ್ದೂ ಇತ್ತು, ಸೂಜಿ ರಕ್ತನಾಳದಿಂದ ಬಂದದ್ದೂ ಇತ್ತು. ವೈದ್ಯರು ನಮೂನೆ ಓದಿ, ರೋಗಿಯ ವರದಿಗೆ ಕಾಯದೆ ಮೊದಲ ಡೋಸ್ ಕೊಟ್ಟರು: ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್. ಅಗತ್ಯವಿಲ್ಲವೆಂದು ಗೊತ್ತಾದರೆ ನಿಲ್ಲಿಸಬಹುದು, ಬೇಕೆಂದಾದರೆ 28 ದಿನ ಪೂರೈಸಬೇಕು.

ರೋಗಿಯ ಒಪ್ಪಿಗೆ ಕೇಳಲು ನಾನು ಹೋಗಲಿಲ್ಲ, ಉಸ್ತುವಾರಿ ಸಿಸ್ಟರ್ ಹೋದರು. ಗಾಯಗೊಂಡವರೇ ಎದುರು ನಿಂತು ಕೇಳಿದರೆ ಅದು ಬೇಡಿಕೆಗಿಂತ ಒತ್ತಾಯವಾಗುತ್ತದೆ. ರೋಗಿ ತಮ್ಮಿಂದಲೇ ಹೀಗಾಯಿತೆಂದು ನೊಂದುಕೊಂಡಿದ್ದರಂತೆ, ಪರೀಕ್ಷೆಗೆ ಕೂಡಲೇ ಒಪ್ಪಿದರು. ನನ್ನ ನಮೂನೆಯಲ್ಲಿ ಅವರ ಹೆಸರಿರಲಿಲ್ಲ, ಆಸ್ಪತ್ರೆಯ ದಾಖಲಾತಿ ಸಂಖ್ಯೆ ಮಾತ್ರ ಇತ್ತು.

ನನ್ನ ರಕ್ತವನ್ನೂ ಅದೇ ದಿನ ತೆಗೆದರು. ಈಗಷ್ಟೇ ಚುಚ್ಚಿದ್ದು, ಇಷ್ಟು ಬೇಗ ಏನು ಕಾಣುತ್ತದೆ ಎಂದು ಕೇಳುವವರಿದ್ದಾರೆ. ಏನೂ ಕಾಣುವುದಿಲ್ಲ, ಅದು ಕಾಣದಿರಲಿ ಎಂದೇ ತೆಗೆಯುವುದು. ಗಾಯವಾದ ದಿನ ನನ್ನಲ್ಲಿ ಸೋಂಕಿರಲಿಲ್ಲ ಎಂಬ ದಾಖಲೆ ಇಲ್ಲದಿದ್ದರೆ, ಮುಂದೆ ಸೋಂಕು ಕಂಡರೂ ಅದು ಈ ಸೂಜಿಯಿಂದ ಬಂದದ್ದೆಂದು ತೋರಿಸುವುದು ಕಷ್ಟ. ಚಿಕಿತ್ಸೆಯ ವೆಚ್ಚ, ಪರಿಹಾರ, ಎಲ್ಲವೂ ಅದರ ಮೇಲೆ ನಿಲ್ಲುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆಗಳ ಜೊತೆಗೆ ಯಕೃತ್ತಿನ ಎಎಲ್‌ಟಿ, ಮೂತ್ರಪಿಂಡದ ಕ್ರಿಯಾಟಿನಿನ್ ಕೂಡ ನೋಡಿದರು. ಟೆನೊಫೊವಿರ್ ಮೂತ್ರಪಿಂಡದ ಮೇಲೆ ಭಾರ ಹಾಕುವ ಔಷಧವಾದ್ದರಿಂದ ಕೊನೆಯದು ಬೇಕು.

ಫಲಿತಾಂಶ ಬಂದಾಗ ಚಿತ್ರ ಬದಲಾಯಿತು. ರೋಗಿಗೆ ಎಚ್‌ಐವಿ ಇರಲಿಲ್ಲ. ಇತ್ತೀಚೆಗೆ ಸೋಂಕು ತಗುಲಿ ಪರೀಕ್ಷೆಯಲ್ಲಿ ಇನ್ನೂ ಕಾಣದಿರಬಹುದೇ ಎಂದು ವೈದ್ಯರು ಅವರನ್ನು ವಿಚಾರಿಸಿದರು. ಅಂತಹ ಸನ್ನಿವೇಶ ಇಲ್ಲವೆಂದು ಖಚಿತವಾದ ಮೇಲೆ ನನ್ನ ಮಾತ್ರೆ ನಿಲ್ಲಿಸಿದರು. ಹೆಪಟೈಟಿಸ್ ಬಿ ವಿಷಯದಲ್ಲಿ ನನ್ನ ಪ್ರತಿಕಾಯದ ಮಟ್ಟ ರಕ್ಷಣೆಯ ಗೆರೆಯಾದ 10ಕ್ಕಿಂತ ಸಾಕಷ್ಟು ಮೇಲಿತ್ತು, ಲಸಿಕೆ ತನ್ನ ಕೆಲಸ ಮಾಡಿತ್ತು. ಆದರೆ ರೋಗಿಯಲ್ಲಿ ಹೆಪಟೈಟಿಸ್ ಸಿ ಪ್ರತಿಕಾಯ ಕಂಡಿತು. ಪ್ರತಿಕಾಯವಿದ್ದ ಮಾತ್ರಕ್ಕೆ ವೈರಸ್ ಇದೆ ಎಂದಲ್ಲ, ಹಿಂದೆ ಬಂದು ವಾಸಿಯಾಗಿದ್ದರೂ ಅದು ಉಳಿದಿರುತ್ತದೆ. ಹಾಗಾಗಿ ವೈರಸ್ಸಿನ ಆರ್‌ಎನ್‌ಎ ನೋಡಿದರು. ಅದೂ ಪಾಸಿಟಿವ್.

ವಾರ್ಡಿನಲ್ಲಿ ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ. ಹೆದರಿಕೆಯ ತೂಕ ತಪ್ಪು ಕಡೆ ಇದೆ ಎಂದು ನನಗೆ ಅನ್ನಿಸುತ್ತದೆ. ಸೋಂಕಿತರ ರಕ್ತವಿದ್ದ ಸೂಜಿಯಿಂದ ಎಚ್‌ಐವಿ ಅಂಟುವುದು ಸಾವಿರದಲ್ಲಿ ಸುಮಾರು ಮೂರು ಬಾರಿ. ಅದನ್ನು ತಡೆಯಲು ಔಷಧವಿದೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಲಸಿಕೆ ಆಗದವರಿಗೆ ಇಮ್ಯುನೊಗ್ಲಾಬುಲಿನ್ ಇದೆ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಚುಚ್ಚಿದ ಮೇಲೆ ಕೊಡುವ ತಡೆ ಔಷಧವೂ ರೂಢಿಯಲ್ಲಿಲ್ಲ. ಅಂಟುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಮಾಡಬೇಕಾದ್ದು ಹೊತ್ತಿಗೆ ಸರಿಯಾಗಿ ಪರೀಕ್ಷೆ, ಅಷ್ಟೇ. ಬಂದರೆ ಬೇಗ ಹಿಡಿಯಬಹುದು. ಎರಡು ಮೂರು ತಿಂಗಳ ಮಾತ್ರೆಯಿಂದ ಬಹುತೇಕ ಎಲ್ಲರಲ್ಲೂ ಅದು ವಾಸಿಯಾಗುತ್ತದೆ.

ಇಲ್ಲಿ ಯಾವ ಪರೀಕ್ಷೆ ಯಾವಾಗ ಎಂಬುದೇ ಮುಖ್ಯ. ಪ್ರತಿಕಾಯ ಮೂಡಲು ಎರಡು ಮೂರು ತಿಂಗಳು ಹಿಡಿಯಬಹುದು. ಒಂದು ತಿಂಗಳಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತೆಂದು ಕಡತ ಮುಚ್ಚಿದರೆ ಸುಳ್ಳು ನೆಮ್ಮದಿ ಅಷ್ಟೇ. ಆರ್‌ಎನ್‌ಎ ಕೆಲವೇ ವಾರಗಳಲ್ಲಿ ಕಾಣುತ್ತದೆ. ಆದ್ದರಿಂದ ನನಗೆ 3ರಿಂದ 6 ವಾರದ ನಡುವೆ ಆರ್‌ಎನ್‌ಎ, 4ರಿಂದ 6 ತಿಂಗಳಲ್ಲಿ ಪ್ರತಿಕಾಯ ಎಂದು ಗೊತ್ತುಮಾಡಿ, ದಿನಾಂಕಗಳನ್ನು ನಮೂನೆಯಲ್ಲೇ ಬರೆಸಿಕೊಂಡೆ. ಸಾಮಾನ್ಯವಾಗಿ ತಪ್ಪಿಹೋಗುವುದು ಎರಡನೆಯದು. ಮೊದಲನೆಯದು ನೆಗೆಟಿವ್ ಬಂದ ಮೇಲೆ ಯಾರೂ ಮತ್ತೆ ಬರುವುದಿಲ್ಲ.

ಆ ತಿಂಗಳುಗಳಲ್ಲಿ ಎಂದಿನಂತೆ ಕೆಲಸ ಮಾಡಿದೆ. ರಕ್ತದಾನ ಮಾತ್ರ ಮಾಡಲಿಲ್ಲ. ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕೇ ಎಂಬ ಪ್ರಶ್ನೆ ಎದ್ದಿತು, ಬೇಡವೆಂದು ಹೇಳಿದೆ. ಈ ವೈರಸ್ ಊಟದ ತಟ್ಟೆಯಿಂದ ಹರಡುವುದಿಲ್ಲ.

ಗಾಯದ ಕಾರಣ ಕೇಳುವ ಅಂಕಣದಲ್ಲಿ ಮೊದಲು "ರೋಗಿ ಅಲುಗಾಡಿದರು" ಎಂದು ಬರೆದಿದ್ದೆ. ಉಸ್ತುವಾರಿ ಸಿಸ್ಟರ್ ಅದರ ಕೆಳಗೆ, ಗಾಬರಿಯಾಗಿದ್ದ ರೋಗಿಯ ತೋಳು ಹಿಡಿಯಲು ಇನ್ನೊಬ್ಬರು ಇರಲಿಲ್ಲ ಎಂದೂ ಸೇರಿಸಿದರು. ಆ ಸಾಲಿನಿಂದಲೇ ವಾರ್ಡಿನಲ್ಲಿ ಇಂತಹ ರೋಗಿಗಳಿಗೆ ಇಬ್ಬರು ಹೋಗುವ ಪದ್ಧತಿ ಬಂತು.

ಆರ್‌ಎನ್‌ಎ ನೆಗೆಟಿವ್ ಬಂತು, ಕೊನೆಯ ಪ್ರತಿಕಾಯ ಪರೀಕ್ಷೆಯೂ ನೆಗೆಟಿವ್. ವೈದ್ಯರು ಕಡತ ಮುಗಿಸುವಾಗ ಹೆಪಟೈಟಿಸ್ ಬಿ ಪ್ರತಿಕಾಯದ ಸಂಖ್ಯೆಯನ್ನು ಮೇಲ್ಭಾಗದಲ್ಲಿ ದಿನಾಂಕದೊಂದಿಗೆ ಬರೆದುಕೊಟ್ಟರು. ಅದರ ಒಂದು ಪ್ರತಿ ನನ್ನ ಬಳಿ ಇದೆ. ಇನ್ನೊಮ್ಮೆ ಸೂಜಿ ಚುಚ್ಚಿದರೆ ಆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಿಲ್ಲ.