ಗೋಡೆ ಮುಟ್ಟದೆ ಗಣಪನ ಮಂಟಪ

ಮೊದಲ್ನೇ ವರ್ಷ ನಾನು ಮಾಡಿದ್ದು ಶುದ್ಧ ದಡ್ಡತನ. ಜರ್ಮನಿಯ ಆಖೆನ್‌ನಲ್ಲಿ ಓದ್ತಿದ್ದೆ, ಹಾಸ್ಟೆಲ್ ಅಗ್ರಿಮೆಂಟಲ್ಲಿ ಮೊಳೆ ಹೊಡೀಬಾರ್ದು ಅಂತಿತ್ತು, ಮೊಳೆ ತಾನೆ ಬೇಡ ಅಂದಿದ್ದು ಅಂತ ಡಬಲ್ ಸೈಡ್ ಟೇಪ್ ಹಾಕಿ ಸೀರಿಯಲ್ ಲೈಟು, ಪೇಪರ್ ಹೂವು ಎಲ್ಲ ಗೋಡೆಗೆ ಅಂಟಿಸ್ಬಿಟ್ಟೆ. ಅಲ್ಲಿ ತುಂಬಾ ಮನೆಗಳಲ್ಲಿ ಗೋಡೆ ಮೇಲೆ ರೌಫಾಸರ್ ಅಂತ ಒಂಥರಾ ಕಾಗದ ಇರುತ್ತೆ, ಒಳಗೆ ಮರದ ಚೂರು ಸೇರ್ಸಿರ್ತಾರೆ, ಮೇಲೆ ಬಿಳಿ ಪೇಂಟು. ಕೈಯಾಡಿಸಿದ್ರೆ ರವೆ ರವೆ ಅನ್ಸುತ್ತೆ. ಹಬ್ಬ ಮುಗ್ದು ಟೇಪ್ ಕಿತ್ರೆ ಕಾಗದಾನೂ ಕಿತ್ಕೊಂಡು ಬಂತು, ಅಂಗೈ ಅಗಲ. ರೂಮ್ ಬಿಡುವಾಗ ಡೆಪಾಸಿಟ್ಟಲ್ಲಿ ಹಿಡ್ಕೊಂಡ್ರು. ಎಳೆದ್ರೆ ನೀಟಾಗಿ ಬರೋ ಸ್ಟ್ರಿಪ್ಪುಗಳೂ ಇಂಥ ಗೋಡೆಗೆ ಆಗಲ್ಲ, ಅವು ನುಣುಪಾದ ಟೈಲ್ಸು, ಗಾಜು, ಪೇಂಟ್ ಮಾಡಿದ ಮರಕ್ಕೆ.

ಮುಂದಿನ ವರ್ಷ ಬೇರೆ ರೂಮು, ಅದೇ ಗೋಡೆ. ಅಮ್ಮಂಗೆ ಫೋನ್ ಮಾಡಿ ಗೊಳೋ ಅಂದೆ. "ಗೋಡೆ ಯಾಕೋ ಬೇಕು ನಿಂಗೆ? ಅಜ್ಜಿ ಸ್ಟೂಲ್ ತಲೆಕೆಳಗೆ ಇಟ್ಟು ನಾಕು ಕಾಲಿಗೆ ಬಾಳೆಕಂಬ ಕಟ್ತಿರ್ಲಿಲ್ವಾ" ಅಂದ್ರು. ನಂಗೆ ಹೊಳ್ದೇ ಇರ್ಲಿಲ್ಲ ನೋಡಿ!

ಮರದ ಸ್ಟೂಲನ್ನ ಮೇಜಿನ ಮೇಲೆ ಬೋರಲು ಹಾಕ್ದೆ, ಕೆಳಗೆ ಗೀರಾಗ್ದೇ ಇರ್ಲಿ ಅಂತ ಟವೆಲ್. ಬಾಳೆಕಂಬ ಎಲ್ಲಿ ಸಿಗ್ಬೇಕು, ಏಷ್ಯನ್ ಅಂಗಡೀಲಿ ಫ್ರೀಜರಲ್ಲಿರೋ ಬಾಳೆಎಲೆ ಸಿಕ್ತು. ಅದನ್ನ ಹಿಂದಿನ ರಾತ್ರಿನೇ ಆಚೆ ಇಟ್ಟು, ಪೂರ್ತಿ ಮೆತ್ತಗಾದ್ಮೇಲೆ ಬಿಡಿಸ್ಬೇಕು, ಗಟ್ಟಿ ಇರುವಾಗ ಬಿಡಿಸಕ್ಕೆ ಹೋದ್ರೆ ಮಡಿಕೆ ಹತ್ರ ಸೀಳಿ ಹೋಗುತ್ತೆ. ನೀರು ಒರೆಸಿ ಒಂದೊಂದು ಕಾಲಿಗೂ ಸುತ್ತಿ ಹತ್ತಿ ದಾರದಲ್ಲಿ ಕಟ್ಟಿದೆ, ಕಾಲುಗಳ ತುದಿಗೆ ದಾರ ಎಳೆದು ಸೇವಂತಿಗೆ ಇಳಿಬಿಟ್ಟೆ. ನಡುವೆ ಒಂದು ಗೇಣಿನ ಗಣಪ.

ಹಿಂದ್ಗಡೆ ಸೀರೆ ಬೇಕಲ್ಲ, ಮೇಜು ಕಿಟಕಿ ಮುಂದೇನೇ ಇತ್ತು. ಕಿಟಕಿ ಗೂಡಿನೊಳಗೆ ಶವರ್ ಕರ್ಟನ್ ಹಾಕೋ ಸ್ಪ್ರಿಂಗ್ ರಾಡ್ ಕೂರ್ಸಿದೆ. ಗೂಡಿಗಿಂತ ಚೂರು ಉದ್ದ ಆಗೋವರೆಗೆ ತಿರುಗಿಸಿ, ಒತ್ತಿ ಒಳಗೆ ಸೇರ್ಸೋದು, ಅಷ್ಟೆ. ರಬ್ಬರ್ ತುದಿ ಪೇಂಟ್ ಮೇಲೆ ಕಪ್ಪು ಗುರುತು ಬಿಡುತ್ತೆ, ಅದಕ್ಕೆ ಎರಡೂ ಕಡೆ ರಟ್ಟು ಕೊಟ್ಟೆ. ಮೊದಲು ರೇಷ್ಮೆ ಸೀರೆ ಹಾಕಿದ್ದೆ, ರಾತ್ರಿ ಎರಡು ಗಂಟೆಗೆ ರಾಡ್ ಸಮೇತ ಧಡ್ ಅಂತ ಬಿತ್ತು, ಪುಣ್ಯಕ್ಕೆ ಗಣಪನ್ನ ಇನ್ನೂ ಕೂರ್ಸಿರ್ಲಿಲ್ಲ. ಆಮೇಲೆ ಹಗುರ ಶಿಫಾನ್. ಹಾಕೋ ಮುಂಚೆ ರಾಡನ್ನ ಕೈಯಲ್ಲಿ ಕೆಳಕ್ಕೆ ಜಗ್ಗಿ ನೋಡಿ, ಒಂಚೂರು ಅಲ್ಲಾಡಿದ್ರೂ ತೆಗೆದು ಇನ್ನೊಂದು ಸುತ್ತು ತಿರುಗಿಸ್ಬೇಕು.

ತೋರಣದ್ದೇ ಸುಲಭ ಆಗಿದ್ದು. ನಮ್ಮ ಹಾಸ್ಟೆಲಲ್ಲಿ ಬಾಗಿಲ ಚೌಕಟ್ಟು ಕಬ್ಬಿಣದ್ದು, ಫ್ರಿಡ್ಜ್ ಮ್ಯಾಗ್ನೆಟ್ ಇಟ್ಟು ನೋಡ್ದೆ, ಟಪ್ ಅಂತ ಕಚ್ಕೊಳ್ತು. ನಾಕು ಮ್ಯಾಗ್ನೆಟ್ ಹುಕ್ಕು, ಹಸಿರು ಪೇಪರಲ್ಲಿ ಕತ್ತರಿಸಿದ ಮಾವಿನೆಲೆ, ಮುಗೀತು. ಕಟ್ಟಿದ್ದು ಮಾತ್ರ ಒಳಗಡೆಗೆ, ಕಾರಿಡಾರು ಬೆಂಕಿ ಬಿದ್ರೆ ಓಡೋ ದಾರಿ, ಅಲ್ಲಿ ಪೇಪರ್ ಕಟ್ಟಿದ್ರೆ ಕೇರ್‌ಟೇಕರ್ ಬಂದು ಕಿತ್ಹಾಕ್ತಾರೆ.

ಸ್ಮೋಕ್ ಅಲಾರಂ ಇದ್ದಿದ್ರಿಂದ ದೀಪ ಬ್ಯಾಟರಿದು, ಊದುಬತ್ತಿ ಹಚ್ದೇನೇ ತೋರಿಸ್ದೆ. ವಿಡಿಯೋ ಕಾಲಲ್ಲಿ ಎಲ್ಲಾ ನೋಡಿದ ಅಮ್ಮ ಕೇಳಿದ್ದು ಒಂದೇ, "ಗರಿಕೆ ಎಲ್ಲೋ?"