ಅಮೆರಿಕದಲ್ಲಿ ಬಾಡಿಗೆ ಕಾರು: ಹಳದಿ ಗೆರೆ ನಿಮ್ಮ ಎಡಕ್ಕೇ ಇರಲಿ

ಶಿರಸಿ, ಕುಮಟಾ, ಕಾರವಾರದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ನೋಡಲು ಹೋದವರು ಅಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ದೇವಿಮನೆ ಘಟ್ಟವನ್ನು ಮಳೆಗಾಲದಲ್ಲೂ ಸಲೀಸಾಗಿ ಇಳಿಸುವವರು ಅಲ್ಲಿ ಬಂಕಿನಿಂದ ಹೊರಬಿದ್ದು ನೇರ ತಪ್ಪು ಬದಿಗೆ ಹೋಗುವುದನ್ನು ನಾನು ನೋಡಿದ್ದೇನೆ. ತಪ್ಪುವುದು ಹೆಚ್ಚಾಗಿ ಎಡ ತಿರುವಿನಲ್ಲಿ. ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದಪತ್ರ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಓ ಕಚೇರಿಯಿಂದಲೇ ಮಾಡಿಸಿ. ಅದು ಒಂದು ವರ್ಷ ನಡೆಯುತ್ತದೆ. ಊರಿನ ಲೈಸೆನ್ಸೂ ಜೊತೆಗಿರಬೇಕು. ಇಂಟರ್‌ನೆಟ್ಟಿನಲ್ಲಿ ಹಣ ಪಡೆದು ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಕಳಿಸುವವರ ಕಾರ್ಡು ಬೇಡವೇ ಬೇಡ, ಅದಕ್ಕೆ ಸರ್ಕಾರದ ಬೆಲೆಯಿಲ್ಲ.

ಕಾರು ಆಟೋಮ್ಯಾಟಿಕ್ಕೇ ಇರಲಿ. ಸ್ಟೇರಿಂಗ್ ಎಡಗಡೆ ಇರುತ್ತದೆ, ಪೆಡಲುಗಳ ಕ್ರಮ ನಮ್ಮಲ್ಲಿದ್ದಂತೆಯೇ. ಇಂಡಿಕೇಟರ್ ಕಡ್ಡಿ ಮಾತ್ರ ಎಡಗೈಗೆ ಬರುತ್ತದೆ. ತಿರುಗಲು ಹೊರಟಾಗ ವೈಪರ್ ಆಡಿದರೆ ಗಾಬರಿ ಬೇಡ, ಆದರೆ ಹಿಂದಿನವನಿಗೆ ಇನ್ನೂ ಸೂಚನೆ ಹೋಗಿಲ್ಲ ಅನ್ನುವುದು ನೆನಪಿರಲಿ. ಇನ್ನೊಂದು ವಿಷಯ. ನಮಗೆ ಕಾರಿನ ಅಗಲವೆಲ್ಲ ಎಡಕ್ಕಿದ್ದು ರೂಢಿ. ಅಲ್ಲಿ ಅದು ಬಲಕ್ಕಿರುತ್ತದೆ. ಅದಕ್ಕೇ ಹೊಸಬರ ಕಾರು ಬಲ ಅಂಚಿಗೆ ಸರಿದು, ನಿಂತ ಗಾಡಿಯ ಕನ್ನಡಿಗೆ ತಾಗುತ್ತದೆ. ನೀವು ಕುಳಿತ ಬದಿ ರಸ್ತೆಯ ಮಧ್ಯದ ಕಡೆಗಿರಬೇಕು.

ಈಗ ಗೆರೆಗಳು. ನಮ್ಮ ಎರಡು ಬದಿ ಓಡಾಟದ ರಸ್ತೆಗಳಲ್ಲಿ ಮಧ್ಯದ ಗೆರೆ ಬಿಳಿಯೂ ಇರಬಹುದು, ಹಳದಿಯೂ ಇರಬಹುದು. ಹಾಗಾಗಿ ಬಣ್ಣ ನೋಡುವ ಅಭ್ಯಾಸ ನಮಗಿಲ್ಲ. ಅಮೆರಿಕದಲ್ಲಿ ಬಣ್ಣವೇ ಮುಖ್ಯ. ಹಳದಿ ಗೆರೆಯ ಆಚೆ ಎದುರಿನಿಂದ ಬರುವ ಗಾಡಿಗಳು. ಬಿಳಿ ತುಂಡು ಗೆರೆಯ ಎರಡೂ ಕಡೆ ಒಂದೇ ದಿಕ್ಕಿಗೆ ಹೋಗುವವರು. ಮಧ್ಯೆ ಡಿವೈಡರ್ ಇರುವ ಹೆದ್ದಾರಿಯಲ್ಲೂ ನಿಮ್ಮ ಎಡ ಅಂಚಿನ ಗೆರೆ ಹಳದಿ, ಬಲ ಅಂಚಿನದು ಬಿಳಿ. ಹಳದಿ ಬಲಕ್ಕೆ ಕಂಡರೆ ನೀವು ತಪ್ಪು ಬದಿಯಲ್ಲಿದ್ದೀರಿ. ಫಲಕಗಳ ಬೆನ್ನು ಮಾತ್ರ ಕಾಣುತ್ತಿದ್ದರೂ, ಕೆಂಪು ಬಿಳಿಯ ‘ಡು ನಾಟ್ ಎಂಟರ್’, ‘ರಾಂಗ್ ವೇ’ ಕಂಡರೂ ಹಾಗೆಯೇ. ಈ ಲೆಕ್ಕವನ್ನು ಯುರೋಪಿಗೆ ಒಯ್ಯಬೇಡಿ. ಅಲ್ಲಿ ಹೆಚ್ಚಿನ ದೇಶಗಳಲ್ಲಿ ಮಧ್ಯದ ಗೆರೆಯೂ ಬಿಳಿಯೇ.

ಇನ್ನು ಎಡ ತಿರುವು. ಅಂಕೋಲಾ ಕಡೆಯಿಂದ ಬಂದು ಶಿರಸಿ ರಸ್ತೆಗೆ ಎಡಕ್ಕೆ ಹೊರಳುವಾಗ ನಾವು ಅಂಚು ಹಿಡಿದು ಸುಮ್ನೆ ತಿರುಗಿಸುತ್ತೇವೆ. ಅಮೆರಿಕದಲ್ಲಿ ಎಡ ತಿರುವೆಂದರೆ ಎದುರಿನ ಲೇನ್ ದಾಟಬೇಕು, ನಮ್ಮ ಬಲ ತಿರುವಿನ ಹಾಗೆ.

ಬಂಕಿನಿಂದ ಹೊರಬಂದು ಎಡಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ. ರಸ್ತೆ ಖಾಲಿ, ಅನುಸರಿಸಲು ಮುಂದೆ ಒಂದು ಗಾಡಿಯೂ ಇಲ್ಲ. ‘ಮುಂದಿನ ಕಾರಿನ ಹಿಂದೆ ಹೋದರಾಯ್ತು’ ಅನ್ನುವ ಉಪಾಯ ಕೈಕೊಡುವುದು ಇಲ್ಲೇ. ಅಂಚಿನಲ್ಲಿ ಪೂರ್ತಿ ನಿಲ್ಲಿಸಿ. ಮೊದಲು ಎಡಕ್ಕೆ ನೋಡಿ, ನಿಮಗೆ ಹತ್ತಿರದ ಲೇನಿನಲ್ಲಿ ಗಾಡಿ ಬರುವುದು ಆ ಕಡೆಯಿಂದ. ಆಮೇಲೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ. ಎರಡೂ ಖಾಲಿ ಇದ್ದಾಗ ಹೊರಡಿ. ತಕ್ಷಣ ಸ್ಟೇರಿಂಗ್ ಎಡಕ್ಕೆ ಎಳೆಯಬೇಡಿ. ಹತ್ತಿರದ ಲೇನನ್ನು ನೇರವಾಗಿ ದಾಟಿ, ಮೂತಿ ಹಳದಿ ಗೆರೆ ದಾಟಿದ ಮೇಲೆ ತಿರುಗಿಸಿ. ಕಾರು ನೆಟ್ಟಗಾದಾಗ ಹಳದಿ ನಿಮ್ಮ ಎಡ ಬಾಗಿಲಿನ ಕಡೆ ಇರಬೇಕು. ಪಕ್ಕದಲ್ಲಿ ಕೂತವರಿಗೆ ಒಂದೇ ಕೆಲಸ ಕೊಡಿ: ಪ್ರತಿ ತಿರುವಿನಲ್ಲೂ ‘ಹಳದಿ ಎಡಕ್ಕೆ’ ಅಂತ ಗಟ್ಟಿಯಾಗಿ ಹೇಳುವುದು. ಮ್ಯಾಪ್ ನೋಡಿ ದಾರಿ ಹೇಳುವುದು ಫೋನಿಗೇ ಇರಲಿ.

ಸಿಗ್ನಲ್‌ನಲ್ಲಿ ಎಡಕ್ಕೆ ಹಸಿರು ಬಾಣ ಬಂದರೆ ಎದುರಿನವರಿಗೆ ಕೆಂಪು ಬಿದ್ದಿರುತ್ತದೆ. ದುಂಡಗಿನ ಹಸಿರು ಮಾತ್ರ ಇದ್ದರೆ ಎದುರಿನಿಂದ ನೇರ ಬರುವವರಿಗೆ ಮೊದಲ ಹಕ್ಕು. ಅವರು ಹೋಗುವವರೆಗೆ ಚಕ್ರ ನೇರವಿಟ್ಟು ಕಾಯಿರಿ. ಚಕ್ರ ಎಡಕ್ಕೆ ತಿರುಗಿದ್ದಾಗ ಹಿಂದಿನಿಂದ ಯಾರಾದರೂ ಗುದ್ದಿದರೆ ನಿಮ್ಮ ಕಾರು ಎದುರಿನ ಗಾಡಿಗಳಿಗೇ ಸಿಕ್ಕುತ್ತದೆ.

ಬಲ ತಿರುವು ಸುಲಭ, ಅಂಚು ಹಿಡಿದು ಹೋಗಿ. ಹೆಚ್ಚಿನ ಕಡೆ ಕೆಂಪಿದ್ದಾಗಲೂ ಪೂರ್ತಿ ನಿಂತು, ನೋಡಿ, ಬಲಕ್ಕೆ ತಿರುಗಬಹುದು. ಬೇಡವೆಂಬ ಫಲಕವಿದ್ದರೆ ಇಲ್ಲ. ನ್ಯೂಯಾರ್ಕ್ ನಗರದಲ್ಲಂತೂ ಫಲಕ ಅನುಮತಿ ಕೊಟ್ಟಲ್ಲಿ ಮಾತ್ರ.

ಎಷ್ಟು ಜಾಗ್ರತೆ ಮಾಡಿದರೂ ತಪ್ಪು ಬದಿಗೆ ಹೋದಿರಿ ಅನ್ನಿ. ಎದುರು ಗಾಡಿ ಬರುತ್ತಿದ್ದರೆ ಅದರ ಮುಂದೆ ಅಡ್ಡ ಹಾಯಬೇಡಿ. ವೇಗ ಇಳಿಸಿ, ಹತ್ತಿರದ ಅಂಚಿಗೆ ಸರಿದು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಎರಡೂ ಕಡೆ ಖಾಲಿಯಾದ ಮೇಲಷ್ಟೇ ಸರಿ ಬದಿಗೆ ಬನ್ನಿ.